ಮೂವತ್ತು ಗಂಟೆಗಳ ಲೆಕ್ಕ: ವೈದ್ಯರ ನಿರಂತರ ಶಿಕ್ಷಣ ಮತ್ತು ನೋಂದಣಿ ನವೀಕರಣ

ವೈದ್ಯಕೀಯ ಪದವಿಗೆ ಅವಧಿ ಇಲ್ಲ, ವೃತ್ತಿ ನಡೆಸಲು ಬೇಕಾದ ನೋಂದಣಿಗೆ ಇದೆ. ಕರ್ನಾಟಕದಲ್ಲಿ ವೈದ್ಯರ ನೋಂದಣಿ ಪುಸ್ತಕವನ್ನು ಇಟ್ಟುಕೊಂಡಿರುವುದು 1961ರ ವೈದ್ಯಕೀಯ ನೋಂದಣಿ ಅಧಿನಿಯಮದಂತೆ ನಡೆಯುವ ಕರ್ನಾಟಕ ವೈದ್ಯಕೀಯ ಪರಿಷತ್ತು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ವೈದ್ಯರು ಆ ಅವಧಿಯಲ್ಲಿ 30 ಕ್ರೆಡಿಟ್ ಅವರ್‌ಗಳ ನಿರಂತರ ವೈದ್ಯಕೀಯ ಶಿಕ್ಷಣ ಪಡೆದಿದ್ದಾರೆ ಎಂಬುದಕ್ಕೆ ದಾಖಲೆ ತೋರಿಸಬೇಕು. ವೈದ್ಯರ ಮಾತಿನಲ್ಲಿ ಇದು ಸಿಎಂಇ.

ಕಲಿಕೆಯನ್ನು ಗಂಟೆಯಲ್ಲಿ ಅಳೆಯುವ ಪದ್ಧತಿ ಹಳ್ಳಿ, ಸಣ್ಣ ಊರುಗಳಲ್ಲಿ ಎಲ್ಲ ಬಗೆಯ ರೋಗಿಗಳನ್ನೂ ನೋಡುವ ಸಾಮಾನ್ಯ ವೈದ್ಯರಿಂದಲೇ ಮೊದಲಾಯಿತೆಂಬುದು ಗಮನಿಸಬೇಕಾದ ಸಂಗತಿ. 1947ರಲ್ಲಿ ಅಮೆರಿಕದ ಸಾಮಾನ್ಯ ವೈದ್ಯರು ಕಟ್ಟಿಕೊಂಡ ಅಕಾಡೆಮಿ, ಸದಸ್ಯತ್ವ ಉಳಿಯಬೇಕಾದರೆ ಮೂರು ವರ್ಷಕ್ಕೆ 150 ಗಂಟೆ ಓದಬೇಕೆಂದು ನಿಯಮ ಮಾಡಿಕೊಂಡಿತು. 1968ರಲ್ಲಿ ಅಲ್ಲಿನ ವೈದ್ಯಕೀಯ ಸಂಘ ಇಂಥ ಕಲಿಕೆಗೆ ಮನ್ನಣೆ ಪತ್ರ ಕೊಡತೊಡಗಿತು. 1971ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ಅದನ್ನು ಪರವಾನಗಿಯ ಷರತ್ತಾಗಿಸಿತು. ಸ್ವಂತ ಇಚ್ಛೆಯಿಂದ ಹುಟ್ಟಿದ ಶಿಸ್ತು ಹೀಗೆ ಕಾಲು ಶತಮಾನದೊಳಗೆ ಸರ್ಕಾರದ ನಿಯಮವಾಯಿತು. ವೈದ್ಯರು ಪಾಠಕ್ಕೆ ಬಂದದ್ದು ನಿಜವೇ ಎಂದು ಪರೀಕ್ಷಿಸುವ ಹೊಣೆಯೂ ಅದರ ಬೆನ್ನಿಗೇ ಬಂತು.

ಭಾರತದಲ್ಲಿ ಈ ನಿಯಮ ಬಂದದ್ದು 2002ರಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆಯ ನಿಯಮಾವಳಿ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಎಂದು ಹೇಳಿತು. ಅದನ್ನು ಪಾಲಿಸಿದ ವಿವರವನ್ನು ಕೇಂದ್ರ ಅಥವಾ ರಾಜ್ಯ ಪರಿಷತ್ತಿಗೆ ತಿಳಿಸಬೇಕೆಂದೂ ಸೇರಿಸಿತು. ಯಾವ ಸಭೆಗೆ ಎಷ್ಟು ಗಂಟೆ, ಹಾಜರಿಯನ್ನು ಯಾರು ನೋಡಬೇಕು, ಪಾಲಿಸದಿದ್ದರೆ ಏನು ಎಂಬ ವಿವರಗಳು ಬಹುಮಟ್ಟಿಗೆ ರಾಜ್ಯಗಳಿಗೇ ಉಳಿದವು. ರಾಜ್ಯದಿಂದ ರಾಜ್ಯಕ್ಕೆ ಇಂದಿಗೂ ಕಾಣುವ ವ್ಯತ್ಯಾಸದ ಮೂಲ ಇಲ್ಲಿದೆ.

ಕರ್ನಾಟಕದಲ್ಲಿ ಗಂಟೆ ಗಳಿಸುವ ಕ್ರಮ ವೈದ್ಯರಿಂದಲ್ಲ, ಕಾರ್ಯಕ್ರಮದ ಸಂಘಟಕರಿಂದ ಶುರುವಾಗುತ್ತದೆ. ವೈದ್ಯಕೀಯ ಕಾಲೇಜೋ ಭಾರತೀಯ ವೈದ್ಯಕೀಯ ಸಂಘದ ಶಾಖೆಯೋ ವಿಷಯ, ಉಪನ್ಯಾಸಕರು ಮತ್ತು ವೇಳಾಪಟ್ಟಿಯನ್ನು ಮೊದಲೇ ಪರಿಷತ್ತಿಗೆ ಕಳಿಸಬೇಕು. ಪರಿಷತ್ತು ಅದನ್ನು ನೋಡಿ ಕ್ರೆಡಿಟ್ ಅವರ್ ನಿಗದಿ ಮಾಡುತ್ತದೆ, ವೀಕ್ಷಕರೊಬ್ಬರನ್ನೂ ನೇಮಿಸುತ್ತದೆ. ಈ ವೀಕ್ಷಕರು ವೇದಿಕೆಯ ಶೋಭೆಗೆ ಬಂದವರಲ್ಲ. ಹೇಳಿದ ಹೊತ್ತಿಗೆ, ಹೇಳಿದ ವಿಷಯದ ಮೇಲೆ ಪಾಠ ನಡೆಯಿತೇ ಎಂದು ಪರಿಷತ್ತಿನ ಪರವಾಗಿ ನೋಡುವವರು ಅವರೊಬ್ಬರೇ. ಸಂಜೆ ಸಿಗುವ ಪ್ರಮಾಣಪತ್ರದಲ್ಲಿ ವೈದ್ಯರ ನೋಂದಣಿ ಸಂಖ್ಯೆ, ದಿನಾಂಕ, ಮಂಜೂರಾದ ಗಂಟೆ ಇವೆಲ್ಲ ಇದ್ದರೆ ಮಾತ್ರ ಮುಂದೆ ಅದಕ್ಕೆ ಬೆಲೆ.

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಹಳ್ಳಿಯಲ್ಲಿ ಒಬ್ಬರೇ ವೈದ್ಯರು ದವಾಖಾನೆ ನಡೆಸುತ್ತಿದ್ದಾರೆ ಎಂದಿಟ್ಟುಕೊಂಡು ಲೆಕ್ಕ ಹಾಕಬಹುದು. ಐದು ವರ್ಷಕ್ಕೆ 30 ಎಂದರೆ ವರ್ಷಕ್ಕೆ 6. ಒಂದು ಕಾರ್ಯಕ್ರಮಕ್ಕೆ 2 ಗಂಟೆ ಮಂಜೂರಾದರೆ ವರ್ಷಕ್ಕೆ ಮೂರು ಕಾರ್ಯಕ್ರಮ, ಐದು ವರ್ಷಕ್ಕೆ ಹದಿನೈದು. ಇಂಥ ಸಭೆಗಳು ಹೆಚ್ಚಾಗಿ ನಡೆಯುವುದು ಹುಬ್ಬಳ್ಳಿ-ಧಾರವಾಡದಲ್ಲಿ. ಹುಬ್ಬಳ್ಳಿಯಲ್ಲಿರುವವರು ಸಂಜೆಯ ಎರಡು ತಾಸಿನಲ್ಲಿ ಗಳಿಸುವ ಗಂಟೆಗಾಗಿ ಹಳ್ಳಿಯ ವೈದ್ಯರು ಮಧ್ಯಾಹ್ನವೇ ದವಾಖಾನೆಯ ಬಾಗಿಲು ಹಾಕಿ ಹೊರಡಬೇಕು. ನಿಯಮದ ಕಣ್ಣಿಗೆ ಎರಡೂ ಒಂದೇ. ಮೊದಲ ಮೂರು ವರ್ಷ ಹೀಗೆ ಎರಡೆರಡೇ ಸಭೆಗೆ ಹೋಗಲು ಸಾಧ್ಯವಾದರೆ ಸೇರುವುದು 12 ಗಂಟೆ. ಉಳಿದ 18ನ್ನು ಎರಡು ವರ್ಷದಲ್ಲಿ ತುಂಬಬೇಕು, ಅಂದರೆ ಒಂಬತ್ತು ಸಭೆ. ಹೀಗೆ ಕೊನೆಗೆ ಓಡಾಡುವವರು ತಮಗೆ ಬೇಕಾದ ವಿಷಯ ಹುಡುಕುವುದಿಲ್ಲ, ಸಿಕ್ಕ ಸಭೆಗೆ ಹೋಗುತ್ತಾರೆ. ಹಾವು ಕಡಿತ, ಕೀಟನಾಶಕದ ವಿಷ, ಹೆರಿಗೆಯ ತೊಡಕುಗಳನ್ನು ದಿನವೂ ಎದುರಿಸಬೇಕಾದವರ ಗಂಟೆಗಳು ನಗರದ ಆಸ್ಪತ್ರೆಗಷ್ಟೇ ಸಂಬಂಧಿಸಿದ ಶಸ್ತ್ರಚಿಕಿತ್ಸೆಯ ಉಪನ್ಯಾಸಗಳಲ್ಲಿ ತುಂಬಿಹೋಗುತ್ತವೆ. ಈ ವ್ಯವಸ್ಥೆಯ ನಿಜವಾದ ದೋಷ ಇದೇ, ಮತ್ತು ಇದು ಯಾವ ತಪಾಸಣೆಯಲ್ಲೂ ಸಿಕ್ಕಿಬೀಳುವುದಿಲ್ಲ.

ದಾಖಲೆ ಇಡುವುದರಲ್ಲಿ ಆಗುವ ತಪ್ಪುಗಳು ಸಣ್ಣವು, ಆದರೆ ದುಬಾರಿ. ಪ್ರಮಾಣಪತ್ರದ ಹೆಸರು ನೋಂದಣಿಯ ಹೆಸರಿಗೆ ಹೊಂದದಿರುವುದು, ನೋಂದಣಿ ಸಂಖ್ಯೆಯ ಒಂದು ಅಂಕಿ ತಪ್ಪುವುದು, ಹಿಂದಿನ ಅವಧಿಯ ಪತ್ರವನ್ನು ಈ ಅವಧಿಗೆ ಸೇರಿಸುವುದು, ಪರಿಷತ್ತಿನ ಮಂಜೂರಾತಿಯೇ ಇಲ್ಲದ ಸಭೆಯ ಪತ್ರ ಹಿಡಿದು ಬರುವುದು ಇವುಗಳಲ್ಲಿ ಸೇರಿವೆ. ಕಾರ್ಯಕ್ರಮ ಮುಗಿದ ವಾರದಲ್ಲೇ ಪತ್ರವನ್ನು ಓದಿ ನೋಡಿದರೆ ಸಂಘಟಕರಿಂದ ತಿದ್ದಿಸಿಕೊಳ್ಳಬಹುದು. ನಾಲ್ಕು ವರ್ಷದ ನಂತರ ಆ ಸಂಘಟಕರು ಎಲ್ಲಿದ್ದಾರೆಂದು ಹುಡುಕುವುದೇ ಕಷ್ಟ.

ತಪಾಸಣೆ ಎಂದರೆ ಮುಖ್ಯವಾಗಿ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು. ವೈದ್ಯರು ತಂದ ಪತ್ರ ಒಂದು ಕಡೆ, ಸಂಘಟಕರು ಒಪ್ಪಿಸಿದ ಹಾಜರಿ ಪಟ್ಟಿ ಮತ್ತು ವೀಕ್ಷಕರ ವರದಿ ಇನ್ನೊಂದು ಕಡೆ. ಒಂದೇ ದಿನ ಎರಡು ಊರಿನಲ್ಲಿ ಹಾಜರಿ ಇದ್ದರೆ, ಮಂಜೂರಾದದ್ದಕ್ಕಿಂತ ಹೆಚ್ಚು ಗಂಟೆ ಪತ್ರದಲ್ಲಿದ್ದರೆ ಸುಳ್ಳು ತಾನಾಗಿ ಹೊರಬೀಳುತ್ತದೆ. ಬೆಳಿಗ್ಗೆ ಸಹಿ ಹಾಕಿ ಚಹಾ ಹೊತ್ತಿಗೆ ಹೊರಟವರನ್ನು ಮಾತ್ರ ಕಾಗದ ಹಿಡಿಯಲಾರದು. ಅಮೆರಿಕದ ಹಲವು ರಾಜ್ಯಗಳು ಇನ್ನೊಂದು ದಾರಿ ಹಿಡಿದಿವೆ. ಅಲ್ಲಿ ವೈದ್ಯರು ತಾವೇ ಘೋಷಣೆ ಕೊಡುತ್ತಾರೆ, ಮಂಡಳಿ ಕೆಲವರನ್ನು ಮಾತ್ರ ಆರಿಸಿ ಮೂಲ ಪತ್ರ ಕೇಳುತ್ತದೆ. ಎಲ್ಲರ ಕಾಗದವನ್ನೂ ನೋಡುವ ಹೊರೆ ಇದರಿಂದ ತಪ್ಪುತ್ತದೆ, ಆದರೆ ಪತ್ರಗಳನ್ನು ವರ್ಷಗಟ್ಟಲೆ ಕಾಪಾಡುವ ಹೊಣೆ ವೈದ್ಯರ ಮೇಲೆಯೇ ಬೀಳುತ್ತದೆ.

ಎರಡು ಕ್ರಮಗಳೂ ಅಳೆಯುವುದು ಹಾಜರಿಯನ್ನು. ಇಂಥ ಸಭೆಗಳಿಂದ ಚಿಕಿತ್ಸೆ ಎಷ್ಟು ಸುಧಾರಿಸುತ್ತದೆ ಎಂದು 2009ರಲ್ಲಿ ಕಾಕ್ರೇನ್ ಸಂಸ್ಥೆ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಿಯಾದ ಕ್ರಮ ಅನುಸರಿಸುವವರ ಪ್ರಮಾಣದಲ್ಲಿ ಕಂಡ ಮಧ್ಯಾಂಕ ಏರಿಕೆ ಶೇಕಡಾ 6ರಷ್ಟು. ಉಪನ್ಯಾಸದ ಜೊತೆ ಚರ್ಚೆ, ಅಭ್ಯಾಸ ಸೇರಿದಾಗ ಫಲ ಹೆಚ್ಚು. ಲಾಭ ಚಿಕ್ಕದು, ಆದರೆ ಇದೆ. ಆದ್ದರಿಂದ ಗಂಟೆಯ ಲೆಕ್ಕವನ್ನು ಬಿಡುವುದಕ್ಕಿಂತ ಗಂಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಬದಲಿಸುವುದು ಹೆಚ್ಚು ನ್ಯಾಯ.

ಹಣ ಯಾರದು ಎಂಬ ಪ್ರಶ್ನೆಯೂ ಈ ಚರಿತ್ರೆಯ ಭಾಗ. ಔಷಧ ಕಂಪನಿಗಳು ವೈದ್ಯರ ಪ್ರಯಾಣ, ವಸತಿಯ ಖರ್ಚು ಕೊಡುವುದು ರೂಢಿಯಾಗಿತ್ತು. 2009ರ ಡಿಸೆಂಬರ್‌ನಲ್ಲಿ 2002ರ ನಿಯಮಾವಳಿಗೆ ತಿದ್ದುಪಡಿಯಾಗಿ ಅದನ್ನು ಸ್ವೀಕರಿಸುವುದು ನಿಷಿದ್ಧವಾಯಿತು. ಅದು ಅಗತ್ಯವಿದ್ದ ನಿಷೇಧ. ಆದರೆ ದೂರದವರ ಪ್ರಯಾಣದ ಭಾರವನ್ನು ಹೊರಲು ಬೇರೆ ವ್ಯವಸ್ಥೆ ಅದರ ಜೊತೆ ಬರಲಿಲ್ಲ. 2020ರಲ್ಲಿ ಕೋವಿಡ್ ಬಂದು ಸಭೆಗಳು ಆನ್‌ಲೈನ್ ಆದಾಗ ಹಳ್ಳಿಯವರ ದಾರಿ ಒಮ್ಮೆಲೇ ಸಲೀಸಾಯಿತು, ಕಿವಿಗೊಟ್ಟು ಕೇಳಿದ್ದಾರೆಯೇ ಎಂದು ತಿಳಿಯುವುದು ಮಾತ್ರ ಇನ್ನಷ್ಟು ಕಷ್ಟವಾಯಿತು.

ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಡವಳಿಕೆ ನಿಯಮ ತಂದು, ಐದು ವರ್ಷಕ್ಕೆ 30 ಅಂಕಗಳು ವೈದ್ಯರ ಸ್ವಂತ ಕ್ಷೇತ್ರಕ್ಕೆ ಸಂಬಂಧಿಸಿರಬೇಕೆಂದು ಹೇಳಿತು. ಹಳ್ಳಿಯ ವೈದ್ಯರಿಗೆ ಬೇಕಾಗಿದ್ದ ತಿದ್ದುಪಡಿ ಇದೇ ಆಗಿತ್ತು. ಆದರೆ ಜೆನೆರಿಕ್ ಔಷಧ ಮೊದಲಾದ ಇತರ ಅಂಶಗಳ ಬಗ್ಗೆ ವಿರೋಧ ಎದ್ದು, ಅದೇ ತಿಂಗಳು ಇಡೀ ನಿಯಮಾವಳಿಯನ್ನು ತಡೆಹಿಡಿಯಲಾಯಿತು. 2002ರ ನಿಯಮವೇ ಮತ್ತೆ ಜಾರಿಗೆ ಬಂತು.

ವೈದ್ಯರ ಸುತ್ತಲಿನ ವೃತ್ತಿಗಳ ಅಳತೆ ಬೇರೆ. 2015ರ ಔಷಧ ವೃತ್ತಿ ನಿಯಮಾವಳಿ ಔಷಧ ಅಂಗಡಿಯ ಫಾರ್ಮಸಿಸ್ಟರಿಗೆ ಗಂಟೆ ಎಣಿಸುವುದಿಲ್ಲ. ಐದು ವರ್ಷದಲ್ಲಿ ತಲಾ ಕನಿಷ್ಠ ಒಂದು ದಿನದ ಎರಡು ಪುನಶ್ಚೇತನ ತರಬೇತಿ ಸಾಕು. ದಾದಿಯರಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಗೊತ್ತುಮಾಡಿರುವುದು ಐದು ವರ್ಷಕ್ಕೆ 150 ಗಂಟೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಜೆ ಸಿಗುವುದು ಎಲ್ಲರಿಗಿಂತ ಕಷ್ಟವಿರುವ ದಾದಿಯ ಮೇಲೆ, ಕಾಗದದ ಲೆಕ್ಕದಲ್ಲಿ, ವೈದ್ಯರ ಐದು ಪಟ್ಟು ಹೊಣೆ ಇದೆ.