ಫ್ರಾನ್ಸಿನಲ್ಲಿ ನೋಟರಿಯ ಸಮಕ್ಷಮ ಬರೆದುಕೊಟ್ಟ ಮುಖ್ತಿಯಾರ್ ಪತ್ರದ ಇಂಗ್ಲಿಷ್ ಅನುವಾದ: ಅರ್ಜಿದಾರರ ಗಮನಕ್ಕೆ

ಫ್ರಾನ್ಸಿನಲ್ಲಿ ನೆಲೆಸಿರುವವರು ಕರ್ನಾಟಕದಲ್ಲಿರುವ ತಮ್ಮ ನಿವೇಶನ, ಮನೆ ಅಥವಾ ಜಮೀನಿನ ವ್ಯವಹಾರವನ್ನು ಇಲ್ಲಿನ ಬಂಧುಗಳಿಗೆ ವಹಿಸಲು ಅಲ್ಲಿನ ನೋಟರಿಯ ಸಮಕ್ಷಮ ಮುಖ್ತಿಯಾರ್ ಪತ್ರವನ್ನು, ಅಂದರೆ ಪವರ್ ಆಫ್ ಅಟಾರ್ನಿಯನ್ನು, ಬರೆದುಕೊಡುವುದುಂಟು. ಫ್ರಾನ್ಸಿನಲ್ಲಿ ನೋಟರಿ ಬರೆಯುವ ಪತ್ರವು ಫ್ರೆಂಚ್ ಭಾಷೆಯಲ್ಲಿಯೇ ಇರತಕ್ಕದ್ದು. 1539ರ ವಿಲ್ಲೆ-ಕೊತ್ರೆ ರಾಜಾಜ್ಞೆಯಿಂದ ಬಂದಿರುವ ಈ ನಿಯಮವು ಇಂದಿಗೂ ಜಾರಿಯಲ್ಲಿದೆ. ಆದುದರಿಂದ ಪತ್ರವು ಇಲ್ಲಿನ ಉಪನೋಂದಣಾಧಿಕಾರಿಯವರ ಕಚೇರಿಯನ್ನು ತಲುಪುವ ಮುನ್ನ ಅದರ ಅನುವಾದ ಅಗತ್ಯವಾಗುತ್ತದೆ. ಪ್ಯಾರಿಸಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಇಂಗ್ಲಿಷಿನಲ್ಲಿಯೇ ಪತ್ರ ಬರೆದುಕೊಟ್ಟು ದೃಢೀಕರಿಸಿಕೊಳ್ಳುವವರಿಗೆ ಈ ಪ್ರಶ್ನೆ ಉದ್ಭವಿಸುವುದಿಲ್ಲ. ಫ್ರೆಂಚ್ ನೋಟರಿಯ ಮಾರ್ಗವನ್ನು ಆಯ್ದುಕೊಂಡವರಿಗೆ ಮಾತ್ರ ಮುಂದಿನ ವಿವರಗಳು ಅನ್ವಯಿಸುತ್ತವೆ.

ವಾಕ್ಯಸೂತ್ರಗಳನ್ನು ಬದಲಿಸಬಾರದೇಕೆ

ಭಾರತದ ಹೊರಗೆ ವಾಸಿಸುವವರು ನೀಡಿದ ಅಧಿಕಾರದ ಮೇಲೆ ಮುಖ್ತಿಯಾರರು ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವಾಗ, ಸದರಿ ಅಧಿಕಾರ ಪತ್ರವು ನೋಟರಿ, ನ್ಯಾಯಾಲಯ, ನ್ಯಾಯಾಧೀಶರು ಅಥವಾ ಭಾರತೀಯ ಕಾನ್ಸಲ್ ಮುಂತಾದವರ ಮುಂದೆ ಬರೆದುಕೊಟ್ಟು ಅವರಿಂದ ದೃಢೀಕೃತವಾಗಿರಬೇಕೆಂದು 1908ರ ನೋಂದಣಿ ಅಧಿನಿಯಮದ 33ನೇ ಪ್ರಕರಣವು ವಿಧಿಸುತ್ತದೆ. ಇಲ್ಲಿ ಷರತ್ತುಗಳು ಎರಡು: ನೋಟರಿಯ ಮುಂದೆ ಬರೆದುಕೊಟ್ಟಿರಬೇಕು, ಮತ್ತು ಅವರು ದೃಢೀಕರಿಸಿರಬೇಕು. ಮುಖ್ತಿಯಾರ್ ಪತ್ರದ ಬಗ್ಗೆ ನ್ಯಾಯಾಲಯವು ಮಾಡುವ ಪೂರ್ವಭಾವನೆಯೂ ಇದೇ ಎರಡು ಷರತ್ತುಗಳನ್ನು ಅವಲಂಬಿಸಿದೆ. ಹಿಂದಿನ ಸಾಕ್ಷ್ಯ ಅಧಿನಿಯಮದ 85ನೇ ಪ್ರಕರಣದಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 84ನೇ ಪ್ರಕರಣದಲ್ಲಿದೆ.

ಈ ಎರಡು ಸಂಗತಿಗಳು ಫ್ರೆಂಚ್ ಪತ್ರದಲ್ಲಿ ತಿಳಿದುಬರುವುದು ಅದರ ಆರಂಭದ ಹಾಗೂ ಅಂತ್ಯದ ರೂಢಿಯ ವಾಕ್ಯಗಳಿಂದಲೇ. ಪತ್ರವು ಮೊದಲು ವರ್ಷ, ತಿಂಗಳು, ದಿನಾಂಕಗಳನ್ನು ಅಕ್ಷರಗಳಲ್ಲಿ ಹೇಳುತ್ತದೆ. ಆ ಬಳಿಕ ‘ಪಾರ್‌ದವಾಂ’ ಎಂಬ ಪದ ಬರುತ್ತದೆ. ‘ಸಮಕ್ಷಮದಲ್ಲಿ’ ಎಂಬುದು ಅದರ ಅರ್ಥ. ಅದರ ಮುಂದೆ ನೋಟರಿಯ ಹೆಸರು ಮತ್ತು ಕಚೇರಿ ಇರುತ್ತವೆ. ತರುವಾಯ ‘ಆ ಕೋಂಪಾರ್ಯು’, ಅಂದರೆ ‘ಹಾಜರಾಗಿದ್ದಾರೆ’ ಎಂದು ಬರೆದು, ಅಧಿಕಾರ ನೀಡುವವರ ಹೆಸರು, ಜನ್ಮಸ್ಥಳ, ಉದ್ಯೋಗ, ವಿಳಾಸಗಳನ್ನು ಕೊಡಲಾಗುತ್ತದೆ. ಕೊನೆಯಲ್ಲಿ ‘ದೋಂ ಆಕ್ತ್’ ಎಂಬ ಸೂತ್ರದೊಡನೆ ಪುಟಗಳ ಸಂಖ್ಯೆಯನ್ನು ತಿಳಿಸಿ, ಪತ್ರವನ್ನು ಓದಿ ಹೇಳಿದ ನಂತರ ಹಾಜರಾದವರು ನೋಟರಿಯೊಡನೆ ಸಹಿ ಮಾಡಿದರೆಂದು ದಾಖಲಿಸಲಾಗುತ್ತದೆ.

ಅನುವಾದಕರು ಈ ವಾಕ್ಯಗಳನ್ನು ತೆಗೆದು, ನಮ್ಮಲ್ಲಿ ಪರಿಚಿತವಾದ ‘ನೋ ಆಲ್ ಮೆನ್ ಬೈ ದೀಸ್ ಪ್ರೆಸೆಂಟ್ಸ್’ ಎಂಬ ಆರಂಭವನ್ನೂ ‘ಇನ್ ವಿಟ್ನೆಸ್ ವೇರ್‌ಆಫ್’ ಎಂಬ ಅಂತ್ಯವನ್ನೂ ಹಾಕಿದಲ್ಲಿ ಅನುವಾದವು ಓದಲು ಸೊಗಸಾಗಿಯೇ ಇರುತ್ತದೆ. ಆದರೆ ಅಂತಹ ಪತ್ರದಲ್ಲಿ ಮಾತನಾಡುವವರು ಅಧಿಕಾರ ನೀಡಿದವರು; ಫ್ರೆಂಚ್ ಪತ್ರದಲ್ಲಿ ಮಾತನಾಡುವವರು ನೋಟರಿ. ಯಾರು ಯಾರ ಮುಂದೆ ಹಾಜರಾದರು, ಓದಿ ಹೇಳಲಾಯಿತೇ ಎಂಬ ವಿವರಗಳೆಲ್ಲ ಇದರಿಂದ ಕಾಣೆಯಾಗುತ್ತವೆ. ಅಧಿಕಾರಿಯು ಪರಿಶೀಲಿಸಬೇಕಾದ ಅಂಶವೇ ಅನುವಾದದಲ್ಲಿ ಇಲ್ಲದಂತಾಗುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಕೆಲವು ಪತ್ರಗಳನ್ನು ಖಾಸಗಿಯಾಗಿ ಬರೆದು, ನೋಟರಿಯಿಂದ ಸಹಿಯನ್ನು ಮಾತ್ರ ಪ್ರಮಾಣೀಕರಿಸಿಕೊಂಡಿರಲಾಗುತ್ತದೆ. ಇಂತಹ ಪತ್ರದಲ್ಲಿ ‘ಹಾಜರಾಗಿದ್ದಾರೆ’ ಎಂಬ ಸೂತ್ರವಿರುವುದಿಲ್ಲ. 2020ರ ನವೆಂಬರ್‌ನಿಂದ ಫ್ರಾನ್ಸಿನ ನೋಟರಿಗಳು ವಿಡಿಯೋ ಸಂಪರ್ಕದ ಮೂಲಕ, ವ್ಯಕ್ತಿಯು ಎದುರಿಗಿಲ್ಲದೆಯೂ, ಮುಖ್ತಿಯಾರ್ ಪತ್ರ ಬರೆಯಲು ಅವಕಾಶವಿದೆ. ಆಗ ಆ ಸಂಗತಿಯು ಪತ್ರದಲ್ಲಿಯೇ ನಮೂದಾಗುತ್ತದೆ. ಈ ಎರಡು ಸಂದರ್ಭಗಳಲ್ಲಿಯೂ ಅನುವಾದಕರು ‘ಎದುರಿಗೆ ಹಾಜರಾದರು’ ಎಂದು ಬರೆಯತಕ್ಕದ್ದಲ್ಲ. ಮೂಲದಲ್ಲಿಲ್ಲದ ಬಲವನ್ನು ಅನುವಾದವು ತಂದುಕೊಡಲಾರದು. ಭಾರತದಲ್ಲಿ ಬಳಸುವ ಪತ್ರವಾದಲ್ಲಿ ನೋಟರಿಯ ಕಚೇರಿಗೆ ಖುದ್ದಾಗಿ ಹೋಗಿ ಬರೆದುಕೊಡುವುದೇ ಕ್ಷೇಮಕರ.

ಒಂದು ಉದಾಹರಣೆ

ಲಿಯೋನ್ ನಗರದಲ್ಲಿ ವಾಸವಾಗಿರುವ ಸುಮಾ ಎಂಬುವವರು ಮೈಸೂರಿನ ತಮ್ಮ ನಿವೇಶನವನ್ನು ಮಾರಲು ತಮ್ಮ ಸಹೋದರನಿಗೆ ಅಧಿಕಾರ ಕೊಡುತ್ತಾರೆಂದು ಭಾವಿಸೋಣ. ಪತ್ರವು ಮೂರು ಪುಟಗಳದ್ದು. ಪರಿಚಯದ ಭಾಗ ಮುಗಿದ ಬಳಿಕ ಅಧಿಕಾರಗಳ ಭಾಗವು ಹೀಗೆ ಸಾಗುತ್ತದೆ: ತಮಗಾಗಿ ಮತ್ತು ತಮ್ಮ ಹೆಸರಿನಲ್ಲಿ ನಿವೇಶನವನ್ನು ಮಾರುವುದು, ನಿವೇಶನದ ವಿವರ, ಬೆಲೆ, ಹಣವನ್ನು ಪಡೆದು ರಸೀದಿ ಕೊಡುವುದು, ಅನಂತರ ಒಂದೇ ಉದ್ದನೆಯ ವಾಕ್ಯದಲ್ಲಿ, ಮೇಲ್ಕಂಡ ಉದ್ದೇಶಗಳಿಗಾಗಿ ಎಲ್ಲ ಪತ್ರಗಳಿಗೆ ಸಹಿ ಮಾಡುವುದು, ನೋಟಿಸುಗಳಿಗೆ ವಿಳಾಸ ಗೊತ್ತುಪಡಿಸುವುದು, ಬದಲಿ ವ್ಯಕ್ತಿಯನ್ನು ನೇಮಿಸುವುದು ಮತ್ತು ಸಾಮಾನ್ಯವಾಗಿ ಅಗತ್ಯವಾದುದನ್ನೆಲ್ಲ ಮಾಡುವುದು.

ಈ ಕೊನೆಯ ವಾಕ್ಯದಲ್ಲಿ ‘ಮೇಲ್ಕಂಡ ಉದ್ದೇಶಗಳಿಗಾಗಿ’ ಎಂಬ ಮಾತು ಅದರ ಮುಂದಿರುವ ಎಲ್ಲವನ್ನೂ ನಿವೇಶನದ ಮಾರಾಟಕ್ಕೆ ಸೀಮಿತಗೊಳಿಸುತ್ತದೆ. ಅನುವಾದಕರು ಓದುಗರ ಅನುಕೂಲಕ್ಕೆಂದು ವಾಕ್ಯವನ್ನು ಒಡೆದು, ಕ್ರಮಸಂಖ್ಯೆ ಹಾಕಿ, ‘ಸಾಮಾನ್ಯವಾಗಿ ಅಗತ್ಯವಾದುದನ್ನೆಲ್ಲ ಮಾಡುವುದು’ ಎಂಬುದನ್ನು ಪ್ರತ್ಯೇಕ ಖಂಡವಾಗಿ ಮೇಲಕ್ಕೆ ತಂದಲ್ಲಿ, ಒಂದು ನಿವೇಶನಕ್ಕೆ ಸೀಮಿತವಾದ ವಿಶೇಷ ಅಧಿಕಾರವು ಎಲ್ಲ ಆಸ್ತಿಗೂ ಅನ್ವಯಿಸುವ ಸಾಮಾನ್ಯ ಅಧಿಕಾರದಂತೆ ತೋರುತ್ತದೆ. ಇದು ಕೇವಲ ಭಾಷೆಯ ವಿಚಾರವಲ್ಲ. ಮುಖ್ತಿಯಾರ್ ಪತ್ರದ ಮೇಲಿನ ಮುದ್ರಾಂಕ ಶುಲ್ಕವು ಅಧಿಕಾರದ ಸ್ವರೂಪವನ್ನು ಅನುಸರಿಸಿ ಬದಲಾಗುತ್ತದೆ. ಸುಮಾ ಅವರು ಕೊಡದ ಅಧಿಕಾರವನ್ನು ಸಹೋದರನು ಚಲಾಯಿಸುವ ಸಂಭವವೂ ಉಂಟಾಗುತ್ತದೆ. ಬದಲಿ ನೇಮಕದ ಅಧಿಕಾರವು ಉದ್ದನೆಯ ವಾಕ್ಯದ ನಡುವೆ ಒಂದೇ ಪದವಾಗಿ ಅಡಗಿರುವುದರಿಂದ ಅನುವಾದದಲ್ಲಿ ಬಿಟ್ಟುಹೋಗುವುದೂ ಇದೆ. ಆಗ ಸಹೋದರನು ಮತ್ತೊಬ್ಬರಿಗೆ ಕೆಲಸ ವಹಿಸಿದರೆ ಅನುವಾದವನ್ನು ಓದಿದ ಅಧಿಕಾರಿಯು ಅದನ್ನು ತಿರಸ್ಕರಿಸಬಹುದು. ಮೂಲದಲ್ಲಿ ಒಂದೇ ವಾಕ್ಯವಾಗಿದ್ದುದನ್ನು ಇಂಗ್ಲಿಷಿನಲ್ಲಿಯೂ ಒಂದೇ ವಾಕ್ಯವಾಗಿ, ಅದೇ ಕ್ರಮದಲ್ಲಿ ಇಡತಕ್ಕದ್ದು. ಇಂಗ್ಲಿಷ್ ತುಸು ಬಿಗಿಯಾಗಿ ಕಂಡರೂ ಅಡ್ಡಿಯಿಲ್ಲ.

ವಿಳಾಸ ಗೊತ್ತುಪಡಿಸುವ ಮಾತನ್ನು ‘ವಾಸಕ್ಕೆ ಮನೆ ಆಯ್ದುಕೊಳ್ಳುವುದು’ ಎಂದು ಅನುವಾದಿಸಿದಲ್ಲಿ ತಪ್ಪಾಗುತ್ತದೆ. ಕಾನೂನು ನೋಟಿಸುಗಳು ತಲುಪಬೇಕಾದ ಸ್ಥಳವನ್ನು ಸೂಚಿಸುವ ಆ ಸೂತ್ರಕ್ಕೆ ಇಂಗ್ಲಿಷಿನಲ್ಲಿ ‘ಎಲೆಕ್ಟ್ ಡೊಮಿಸೈಲ್’ ಎಂಬ ಪದಪುಂಜವಿದೆ. ಅಂತೆಯೇ ನೋಟರಿಯ ಹೆಸರಿನ ಮುಂದಿರುವ ‘ಮೆತ್ರ್’ ಎಂಬುದು ಗೌರವಸೂಚಕವೇ ಹೊರತು ಹೆಸರಿನ ಭಾಗವಲ್ಲ.

ಸುಮಾ ಅವರ ಹೆಸರಿನ ವಿಷಯದಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಖಾತೆಯಲ್ಲಿ ‘ಎಂ. ಎನ್. ಸುಮಾ’ ಎಂದಿದ್ದು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ‘ಮೈಸೂರು ನಾಗರಾಜ್’ ಎಂಬುದನ್ನು ಕುಲನಾಮವಾಗಿ ನಮೂದಿಸಲಾಗಿದೆ. ಫ್ರೆಂಚ್ ಪತ್ರವು ಆ ಕುಲನಾಮವನ್ನು ದೊಡ್ಡಕ್ಷರಗಳಲ್ಲಿ ಮೊದಲು ಬರೆದು, ವಿವಾಹವಾಗಿದ್ದಲ್ಲಿ ‘ಎಪೂಸ್’ ಎಂದು ಸೇರಿಸಿ ಪತಿಯ ಕುಲನಾಮವನ್ನು ಕೊಡುತ್ತದೆ. ಅನುವಾದಕರು ಇದನ್ನು ಖಾತೆಗೆ ಹೊಂದುವಂತೆ ತಿದ್ದುವುದು ಸಹಾಯವೆಂದು ತೋರಬಹುದು. ವಾಸ್ತವದಲ್ಲಿ ಮೂಲಕ್ಕೂ ಅನುವಾದಕ್ಕೂ ತಾಳೆಯಾಗದಂತೆ ಮಾಡಿದಂತಾಗುತ್ತದೆ. ಖಾತೆಯಲ್ಲಿರುವ ಹೆಸರಿನಿಂದಲೂ ಇವರೇ ಪರಿಚಿತರೆಂಬ ಒಂದು ವಾಕ್ಯವನ್ನು, ಸಹಿ ಮಾಡುವ ಮುನ್ನವೇ, ಮೂಲ ಪತ್ರದಲ್ಲಿ ಸೇರಿಸುವಂತೆ ನೋಟರಿಯನ್ನು ಕೋರುವುದು ಸರಿಯಾದ ಕ್ರಮ.

ಸಹಿ ಕಾಣದಿದ್ದಲ್ಲಿ

ಅರ್ಜಿದಾರರಿಗೆ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಫ್ರಾನ್ಸಿನ ನೋಟರಿಯು ಪತ್ರವನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಆಂ ಬ್ರೆವೆ’ ಎಂಬ ಬಗೆಯಲ್ಲಿ ಸಹಿಗಳಿರುವ ಮೂಲವನ್ನೇ ಪಕ್ಷಕಾರರಿಗೆ ಕೊಡಲಾಗುತ್ತದೆ. ‘ಮಿನ್ಯೂತ್’ ಎಂಬ ಬಗೆಯಲ್ಲಿ ಮೂಲವು ನೋಟರಿಯ ದಫ್ತರದಲ್ಲಿಯೇ ಉಳಿಯುತ್ತದೆ. ಪಕ್ಷಕಾರರಿಗೆ ದೊರೆಯುವುದು ನೋಟರಿಯ ಸಹಿ, ಮುದ್ರೆಗಳಿರುವ ಅಧಿಕೃತ ಪ್ರತಿ. ಈ ಪ್ರತಿಯಲ್ಲಿ ಅಧಿಕಾರ ನೀಡಿದವರ ಕೈಬರಹದ ಸಹಿ ಇಲ್ಲದಿರಬಹುದು. ಇದನ್ನು ಕಂಡು ಪತ್ರಕ್ಕೆ ಸಹಿಯೇ ಆಗಿಲ್ಲವೆಂದು ಭಾವಿಸುವ ಸಂಭವವಿದೆ. ಪ್ರತಿಯ ಕೊನೆಯಲ್ಲಿರುವ, ಇದು ಮೂಲಕ್ಕೆ ಸರಿಯಾದ ಅಧಿಕೃತ ಪ್ರತಿಯೆಂದು ನೋಟರಿಯು ಪ್ರಮಾಣೀಕರಿಸುವ ಸಾಲುಗಳನ್ನು ಅನುವಾದಿಸದೆ ಬಿಟ್ಟಲ್ಲಿ ಈ ಸಂಶಯಕ್ಕೆ ಉತ್ತರವೇ ಇರುವುದಿಲ್ಲ. ನೋಟರಿಯನ್ನು ಮೊದಲೇ ಕೇಳಿಕೊಂಡು ಪತ್ರವನ್ನು ‘ಆಂ ಬ್ರೆವೆ’ ಬಗೆಯಲ್ಲಿ ಬರೆಸಿದರೆ ಈ ತೊಂದರೆ ತಪ್ಪುತ್ತದೆ.

ಅಂಚಿನ ಟಿಪ್ಪಣಿಗಳು, ರದ್ದಾದ ಪದಗಳ ಎಣಿಕೆ, ಪುಟಪುಟದ ಸಂಕ್ಷಿಪ್ತ ಸಹಿಗಳು, ಮುದ್ರೆಗಳು ಇವುಗಳನ್ನೂ ಅನುವಾದದಲ್ಲಿ ಆಯಾ ಸ್ಥಳದಲ್ಲಿಯೇ ಚೌಕ ಆವರಣಗಳೊಳಗೆ ನಮೂದಿಸತಕ್ಕದ್ದು. ‘ರದ್ದಾದ ಪದಗಳು: ಸೊನ್ನೆ’ ಎಂದಿದ್ದರೂ ಅದನ್ನು ಬಿಡುವಂತಿಲ್ಲ, ನಂತರ ಯಾರೂ ಏನನ್ನೂ ತಿದ್ದಿಲ್ಲವೆಂಬುದಕ್ಕೆ ಅದೇ ಗುರುತು. ಮೂಲವು ಮೂರು ಪುಟಗಳದ್ದಾಗಿ ಅನುವಾದವು ನಾಲ್ಕು ಪುಟಗಳಾದರೂ ‘ಮೂರು ಪುಟಗಳ ಮೇಲೆ’ ಎಂಬ ಮಾತು ಹಾಗೆಯೇ ಇರಬೇಕು. ಅದನ್ನು ನಾಲ್ಕೆಂದು ತಿದ್ದಿರುವ ಅನುವಾದ ಕಂಡುಬಂದಲ್ಲಿ ಉಳಿದ ಭಾಗಗಳನ್ನೂ ಎಚ್ಚರಿಕೆಯಿಂದ ಪರಿಶೀಲಿಸುವುದು ಒಳಿತು.

ಅಪೊಸ್ತೀಲ್ ಮತ್ತು ಅನುವಾದದ ಅನುಕ್ರಮ

ವಿದೇಶಿ ಸಾರ್ವಜನಿಕ ದಾಖಲೆಗಳ ಮೇಲಿನ ಸಹಿ, ಮುದ್ರೆಗಳನ್ನು ದೃಢಪಡಿಸುವ ಅಪೊಸ್ತೀಲ್ ಎಂಬ ಪ್ರಮಾಣಪತ್ರದ ವ್ಯವಸ್ಥೆಯು 1961ರ ಹೇಗ್ ಒಪ್ಪಂದದಿಂದ ಬಂದುದಾಗಿದ್ದು, ಭಾರತದಲ್ಲಿ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಫ್ರಾನ್ಸಿನಲ್ಲಿ ಇದನ್ನು ಮೊದಲು ಮೇಲ್ಮನವಿ ನ್ಯಾಯಾಲಯಗಳಲ್ಲಿ ನೀಡಲಾಗುತ್ತಿದ್ದು, 2025ರ ಮೇ 1ರಿಂದ ಈ ಕೆಲಸವನ್ನು ನೋಟರಿಗಳ ಸಂಸ್ಥೆಗಳಿಗೆ ವಹಿಸಲಾಗಿದೆ.

ಮೂಲಕ್ಕೆ ಅಪೊಸ್ತೀಲ್ ಮೊದಲು ಆಗಿ, ಅನುವಾದವು ಆ ಬಳಿಕ ಆಗುವುದು ಸೂಕ್ತ. ಆಗ ಅಪೊಸ್ತೀಲ್ ಕೂಡ ಅನುವಾದದಲ್ಲಿ ಸೇರುತ್ತದೆ. ಅದರ 10 ಕ್ರಮಸಂಖ್ಯೆಗಳನ್ನು ಉಳಿಸಿಕೊಳ್ಳಬೇಕು. ಶೀರ್ಷಿಕೆಯು ಎಲ್ಲ ದೇಶಗಳಲ್ಲಿಯೂ ಫ್ರೆಂಚ್ ಭಾಷೆಯಲ್ಲಿಯೇ ಇರಬೇಕೆಂದು ಒಪ್ಪಂದವೇ ಹೇಳಿರುವುದರಿಂದ ಅದನ್ನು ಮೂಲದಲ್ಲಿದ್ದಂತೆ ಇಟ್ಟು, ಅರ್ಥವನ್ನು ಪಕ್ಕದಲ್ಲಿ ಕೊಡಬಹುದು. ಮೂಲದ ಮೇಲಿನ ಅಪೊಸ್ತೀಲ್ ಅನುವಾದದ ಸತ್ಯತೆಯನ್ನು ದೃಢಪಡಿಸುವುದಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಅದಕ್ಕೆ ಹೊಣೆ ಅನುವಾದಕರದೇ. ಫ್ರಾನ್ಸಿನ ಮೇಲ್ಮನವಿ ನ್ಯಾಯಾಲಯದ ಪಟ್ಟಿಯಲ್ಲಿರುವ, ಪ್ರಮಾಣವಚನ ಸ್ವೀಕರಿಸಿದ ಅನುವಾದಕರಿಂದ ಮಾಡಿಸಿದಲ್ಲಿ ಅವರ ಸಹಿ, ಮುದ್ರೆ ಮತ್ತು ದಿನಾಂಕವಿರುವ ಪ್ರಮಾಣೀಕರಣದೊಡನೆ ಮೂಲದ ಪ್ರತಿಯನ್ನೂ ಲಗತ್ತಿಸಿರಲಾಗುತ್ತದೆ. ಈ ಹಾಳೆಗಳನ್ನು ಬಿಡಿಸಿ ಜೆರಾಕ್ಸ್ ಮಾಡಿಸಬಾರದು.

ಪತ್ರವು ಕರ್ನಾಟಕಕ್ಕೆ ಮೊದಲು ಬಂದು ತಲುಪಿದ ದಿನದಿಂದ ಮೂರು ತಿಂಗಳೊಳಗೆ ಮೂಲ ಪತ್ರಕ್ಕೆ ಮುದ್ರಾಂಕ ಶುಲ್ಕ ಪಾವತಿಸಬೇಕೆಂದು 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದ 18ನೇ ಪ್ರಕರಣವು ವಿಧಿಸಿದೆ. ಅನುವಾದದಲ್ಲಿ ದೋಷ ಕಂಡು ಅದನ್ನು ಮತ್ತೆ ಮಾಡಿಸಲು ಫ್ರಾನ್ಸಿಗೆ ಕಳುಹಿಸಿದರೂ ಈ ಅವಧಿಯು ನಿಲ್ಲುವುದಿಲ್ಲ. ಆದಕಾರಣ ಮೂಲವನ್ನು ಅಂಚೆಗೆ ಹಾಕುವ ಮುನ್ನ ಮೂಲ ಮತ್ತು ಅನುವಾದದ ಸ್ಕ್ಯಾನ್ ಪ್ರತಿಗಳನ್ನು ಮುಖ್ತಿಯಾರರಿಗೆ ಕಳುಹಿಸಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಖಂಡಖಂಡವಾಗಿ ತಾಳೆ ನೋಡತಕ್ಕದ್ದು. ಬಂದ ದಿನಾಂಕವನ್ನು ತೋರಿಸುವ ಅಂಚೆ ಅಥವಾ ಕೊರಿಯರ್ ಲಕೋಟೆಯನ್ನು ಪತ್ರದೊಡನೆಯೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.