ಅನಿಲ ನಿಸ್ಸರಣ ಮತ್ತು ಯುರೇನಿಯಂ ಬೇರ್ಪಡಿಕೆ

ಅನಿಲವು ಅತಿ ಸೂಕ್ಷ್ಮ ರಂಧ್ರದ ಮೂಲಕ ನಿರ್ವಾತದೆಡೆಗೆ ಹೊರಸೂಸುವ ಕ್ರಿಯೆಗೆ ನಿಸ್ಸರಣ ಎಂದು ಹೆಸರು. ಥಾಮಸ್ ಗ್ರಹಾಂ ಅವರ ನಿಯಮದ ಪ್ರಕಾರ ಅದರ ದರವು ಅಣುತೂಕದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಆದ್ದರಿಂದ ಹೈಡ್ರೋಜನ್ (2) ಆಕ್ಸಿಜನ್‌ಗಿಂತ (32) ನಾಲ್ಕು ಪಟ್ಟು ಬೇಗ ಹೊರಬೀಳುತ್ತದೆ.

ಯುರೇನಿಯಂ-235 ಮತ್ತು 238 ಸಮಸ್ಥಾನಿಗಳ ವಿಷಯದಲ್ಲಿ ಈ ವ್ಯತ್ಯಾಸ ತೀರ ಅಲ್ಪ. ಅನಿಲರೂಪಕ್ಕೆ ತರಲು ಅವನ್ನು ಯುರೇನಿಯಂ ಹೆಕ್ಸಾಫ್ಲೋರೈಡ್ ಆಗಿ ಮಾರ್ಪಡಿಸಬೇಕು. ಫ್ಲೋರೀನ್‌ಗೆ ನಿಸರ್ಗದಲ್ಲಿ ಒಂದೇ ಸಮಸ್ಥಾನಿ ಇರುವುದು ಇಲ್ಲಿ ಅನುಕೂಲವಾಯಿತು. ಅಣುತೂಕಗಳು 349 ಮತ್ತು 352 ಎರಡೇ. ಇವುಗಳ ದರಗಳ ಅನುಪಾತ √(352/349), ಅಂದರೆ ಸುಮಾರು 1.0043. ನೈಸರ್ಗಿಕ ಯುರೇನಿಯಂನ ಪ್ರತಿ ಲಕ್ಷ ಪರಮಾಣುಗಳಲ್ಲಿ 235ರ ಪಾಲು ಸುಮಾರು 720. ರಂಧ್ರಮಯ ಪೊರೆಯನ್ನು ಒಮ್ಮೆ ದಾಟಿದ ಅನಿಲದಲ್ಲಿ ಅದು ಹೆಚ್ಚೆಂದರೆ 723. ಶೇಕಡಾ 3ಕ್ಕೆ ಏರಿಸಲು ಆದರ್ಶ ಲೆಕ್ಕದಲ್ಲಿಯೇ ಸುಮಾರು 340 ಹಂತಗಳು ಬೇಕು. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಕೆ-25 ಸ್ಥಾವರವು ಬೃಹದಾಕಾರವಾದುದು ಈ ಕಾರಣದಿಂದಲೇ.

ನಿಯಮ ಅನ್ವಯಿಸಬೇಕಾದರೆ ರಂಧ್ರದ ವ್ಯಾಸವು ಅಣುಗಳ ಸರಾಸರಿ ಮುಕ್ತಪಥಕ್ಕಿಂತ, ಎಂದರೆ ಎರಡು ಡಿಕ್ಕಿಗಳ ನಡುವೆ ಅಣು ಸಾಗುವ ಸರಾಸರಿ ದೂರಕ್ಕಿಂತ, ಚಿಕ್ಕದಿರಬೇಕು. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಈ ದೂರ ಸುಮಾರು 70 ನ್ಯಾನೊಮೀಟರ್. ತಾಪ ಬದಲಾಗದೆ ಒತ್ತಡ ಸಾವಿರದಲ್ಲೊಂದು ಪಾಲಿಗೆ ಇಳಿದರೆ ಅದು ಸಾವಿರ ಪಟ್ಟು ಹೆಚ್ಚುತ್ತದೆ. ರಂಧ್ರ ದೊಡ್ಡದಾದರೆ ಅಣುಗಳು ಪರಸ್ಪರ ಡಿಕ್ಕಿ ಹೊಡೆಯುತ್ತ ಒಟ್ಟಾಗಿ ಹರಿಯುತ್ತವೆ. ಆಗ ಅನಿಲವೇನೋ ಧಾರಾಳವಾಗಿ ದಾಟುತ್ತದೆ, ಆದರೆ ದಾಟಿದ ಅನಿಲದ ಸಂಯೋಜನೆ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿದಿರುತ್ತದೆ.