ಶಾಲೆಯ ಅಸೆಂಬ್ಲಿ ಭಾಷಣ ಮತ್ತು ಚೀನಾದ ಮಾತು

ನವೆಂಬರ್ 11ರ ರಾಷ್ಟ್ರೀಯ ಶಿಕ್ಷಣ ದಿನ, ಸೆಪ್ಟೆಂಬರ್ 5ರ ಶಿಕ್ಷಕರ ದಿನ, ಮೀಲಾದ್ ತಿಂಗಳು – ಇವು ಹತ್ತಿರವಾದಾಗ ನಮ್ಮ ಮಕ್ಕಳಿಗೆ ಶಾಲೆಯ ಬೆಳಗಿನ ಅಸೆಂಬ್ಲಿಯಲ್ಲಿ ಮಾತನಾಡುವ ಅವಕಾಶ ಬರುತ್ತದೆ. ವಿಷಯ ಬಹುತೇಕ ಒಂದೇ: ಇಸ್ಲಾಮಿನಲ್ಲಿ ವಿದ್ಯೆಯ ಸ್ಥಾನ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಒಂದು ಕುಟುಂಬದವರು ಎಂಟನೇ ತರಗತಿಯ ಮಗಳ ಇಂಥದೊಂದು ಭಾಷಣದ ಕರಡನ್ನು ನೋಡಿಕೊಡುವಂತೆ ನಮ್ಮನ್ನು ಕೇಳಿದ್ದರು. ಒಂದೂವರೆ ಪುಟದ ಬರಹ, ಅಕ್ಷರ ದುಂಡಗೆ, ಕನ್ನಡ ಸೊಗಸಾಗಿತ್ತು. ಆದರೆ ಅದರಲ್ಲಿ ಪ್ರವಾದಿ ಮುಹಮ್ಮದ್(ಸ)ರ ಮಾತುಗಳೆಂದು ಕೊಟ್ಟಿದ್ದ ನಾಲ್ಕರಲ್ಲಿ ಮೂರು, ಹದೀಸ್ ವಿದ್ವಾಂಸರ ಪರೀಕ್ಷೆಯಲ್ಲಿ ನಿಲ್ಲುವಂಥವಲ್ಲ. ಚೀನಾಕ್ಕೆ ಹೋಗಿಯಾದರೂ ವಿದ್ಯೆ ಪಡೆಯಬೇಕೆಂಬುದು ಒಂದು. ತೊಟ್ಟಿಲಿನಿಂದ ಗೋರಿಯವರೆಗೆ ಕಲಿಯಬೇಕೆಂಬುದು ಇನ್ನೊಂದು. ವಿದ್ವಾಂಸನ ಶಾಯಿ ಹುತಾತ್ಮನ ರಕ್ತಕ್ಕಿಂತ ಪವಿತ್ರ ಎಂಬುದು ಮೂರನೆಯದು.

ಇದು ಆ ಹುಡುಗಿಯ ತಪ್ಪಲ್ಲ. ಈ ಮೂರೂ ಮಾತುಗಳು ಕ್ಯಾಲೆಂಡರುಗಳಲ್ಲಿವೆ, ಗೋಡೆಗಳ ಮೇಲಿವೆ, ದೊಡ್ಡವರ ಭಾಷಣಗಳಲ್ಲಿವೆ. ಆದರೂ ವಿಷಯವನ್ನು ಲಘುವಾಗಿ ಬಿಡುವಂತಿಲ್ಲ. ಹೇಳದ ಮಾತನ್ನು ಬೇಕೆಂದೇ ತಮ್ಮ ಹೆಸರಿಗೆ ಹಚ್ಚುವವನು ನರಕದಲ್ಲಿ ತನ್ನ ಜಾಗವನ್ನು ಸಿದ್ಧಮಾಡಿಕೊಳ್ಳಲಿ ಎಂದು ಪ್ರವಾದಿವರ್ಯರು(ಸ) ಕೊಟ್ಟ ಎಚ್ಚರಿಕೆಯನ್ನು ಅನೇಕ ಸಹಾಬಿಗಳು ವರದಿ ಮಾಡಿದ್ದಾರೆ. ತಿಳಿಯದೆ ಹೇಳಿದ ಮಗು ಆ ಎಚ್ಚರಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ವಿದ್ಯೆಯ ನೀತಿಯನ್ನು ಕುರಿತ ಭಾಷಣವೇ ಆ ನೀತಿಯ ಮೊದಲ ಮೆಟ್ಟಿಲನ್ನು ದಾಟಿ ಹೋಗುವುದನ್ನು ಕಂಡೂ ಸುಮ್ಮನಿರುವುದು ಹಿರಿಯರಿಗೆ ತರವಲ್ಲ.

ಚೀನಾದ ಮಾತನ್ನೇ ತೆಗೆದುಕೊಳ್ಳೋಣ. ಅದು ಅನಸ್ ಬಿನ್ ಮಾಲಿಕ್(ರ)ರ ಹೆಸರಿನಲ್ಲಿ ಬಂದಿದೆ. ಅವರಿಂದ ಕೇಳಿದ್ದಾಗಿ ಹೇಳಿದವನು ಅಬೂ ಆತಿಕಾ ತರೀಫ್ ಬಿನ್ ಸಲ್ಮಾನ್ ಎಂಬಾತ. ಇಮಾಮ್ ಬುಖಾರಿ(ರಹ) ಈತನನ್ನು ‘ಮುನ್ಕರುಲ್ ಹದೀಸ್’ ಎಂದು ಕರೆದರು. ಬುಖಾರಿಯವರು ಕಟುವಾಗಿ ಮಾತಾಡುವವರಲ್ಲ. ಅವರ ಬಾಯಲ್ಲಿ ಈ ಪದ ಬಂದರೆ ಆ ವ್ಯಕ್ತಿಯಿಂದ ಹದೀಸ್ ಸ್ವೀಕರಿಸಬಾರದು ಎಂದೇ ಅರ್ಥ. ಇಬ್ನು ಹಿಬ್ಬಾನ್(ರಹ) ಆ ಮಾತಿಗೆ ಬುಡವೇ ಇಲ್ಲವೆಂದರು. ಹಿ.ಶ. 458ರಲ್ಲಿ ನಿಧನರಾದ ಬೈಹಕಿ(ರಹ) ಅದನ್ನು ತಮ್ಮ ಗ್ರಂಥದಲ್ಲಿ ದಾಖಲಿಸಿದರೂ, ಮಾತು ಪ್ರಸಿದ್ಧ, ಸನದು ದುರ್ಬಲ ಎಂದು ಜೊತೆಯಲ್ಲೇ ತಿಳಿಸಿದರು. ಹಿ.ಶ. 597ರಲ್ಲಿ ತೀರಿಕೊಂಡ ಇಬ್ನುಲ್ ಜೌಝೀ(ರಹ) ಅದನ್ನು ಕೃತ್ರಿಮ ಹದೀಸ್‌ಗಳ ತಮ್ಮ ಸಂಗ್ರಹಕ್ಕೇ ಸೇರಿಸಿದರು. ಪ್ರಸಿದ್ಧಿ ಮತ್ತು ಸತ್ಯ ಬೇರೆಬೇರೆ ಎಂಬುದು ಒಂಬೈನೂರೈವತ್ತು ವರ್ಷಗಳ ಹಿಂದೆಯೇ ಬೈಹಕಿಯವರಿಗೆ ಅನುಭವಕ್ಕೆ ಬಂದಿತ್ತು ಎಂದಾಯಿತು. ಉಳಿದೆರಡರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತೊಟ್ಟಿಲಿನ ಮಾತಿಗೆ ಸನದೇ ಇಲ್ಲ. ಶಾಯಿಯ ಮಾತನ್ನು ವಿದ್ವಾಂಸರು ಪ್ರವಾದಿ(ಸ)ಯವರ ಮಾತೆಂದು ಒಪ್ಪಿಲ್ಲ. ಅದು ಹಸನ್ ಬಸ್ರೀ(ರಹ)ಯವರದೆಂದು ಹೇಳಿದವರಿದ್ದಾರೆ.

ಒಳ್ಳೆಯ ಅರ್ಥದ ಮಾತಿಗೆ ಇಷ್ಟೆಲ್ಲ ವಿಚಾರಣೆ ಬೇಕೆ ಎಂದು ಕೆಲವರು ಕೇಳಬಹುದು. ಹಿಜರಿ ಎರಡನೆಯ ಶತಮಾನದಲ್ಲಿ ಬಸ್ರಾದ ಶುಅಬಾ ಬಿನ್ ಹಜ್ಜಾಜ್(ರಹ) ಇದಕ್ಕೆ ಕೊಟ್ಟ ಉತ್ತರ ಮಾತಿನದಲ್ಲ, ಕಾಲ್ನಡಿಗೆಯದು.

ವುಝೂವಿನ ಶ್ರೇಷ್ಠತೆಯನ್ನು ಕುರಿತ ಒಂದು ಹದೀಸನ್ನು ಕೂಫಾದ ಹಿರಿಯ ವಿದ್ವಾಂಸ ಅಬೂ ಇಸ್‌ಹಾಕ್(ರಹ) ಹೇಳುತ್ತಿದ್ದರು. ತಮಗೆ ಅಬ್ದುಲ್ಲಾ ಬಿನ್ ಅತಾ ಹೇಳಿದರು, ಅವರಿಗೆ ಉಕ್ಬಾ ಬಿನ್ ಆಮಿರ್(ರ)ರಿಂದ ಬಂತು ಎಂಬುದು ಅವರ ಸನದು. ಆ ಅಬ್ದುಲ್ಲಾ ಉಕ್ಬಾರಿಂದ ನೇರವಾಗಿ ಕೇಳಿದ್ದಾರೆಯೇ ಎಂದು ಶುಅಬಾ ವಿಚಾರಿಸಿದರು. ಅಬೂ ಇಸ್‌ಹಾಕರಿಗೆ ಸಿಟ್ಟು ಬಂತು. ಹತ್ತಿರದಲ್ಲಿದ್ದ ಮಿಸ್‌ಅರ್(ರಹ), ಅಬ್ದುಲ್ಲಾ ಮಕ್ಕಾದಲ್ಲಿ ಬದುಕಿಯೇ ಇದ್ದಾರಲ್ಲ ಎಂದರು. ಅಷ್ಟು ಸಾಕಾಯಿತು. ಕೂಫಾದಿಂದ ಮಕ್ಕಾ ಸಾವಿರ ಕಿಲೋಮೀಟರಿಗೂ ಮಿಕ್ಕಿದ ಮರಳುದಾರಿ. ಗೌರಿಬಿದನೂರಿನಿಂದ ಮುಂಬಯಿಗೆ ಹೋಗುವುದಕ್ಕಿಂತ ದೂರ. ಶುಅಬಾ ಹೊರಟರು. ಆ ಸಲ ತಮ್ಮ ಉದ್ದೇಶ ಆ ಹದೀಸ್ ಒಂದೇ ಆಗಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಮಕ್ಕಾದಲ್ಲಿ ಅಬ್ದುಲ್ಲಾ ಸಿಕ್ಕರು. ತಾನು ಉಕ್ಬಾರಿಂದ ಕೇಳಿದ್ದಲ್ಲ, ಸಅದ್ ಬಿನ್ ಇಬ್ರಾಹೀಮ್ ಹೇಳಿದ್ದು ಎಂದರು. ಸಅದ್ ಮದೀನಾದವರು, ಆ ವರ್ಷ ಹಜ್ಜಿಗೆ ಬಂದಿರಲಿಲ್ಲ. ಶುಅಬಾ ಮದೀನಾಕ್ಕೆ ನಡೆದರು. ಸಅದ್ ಕೇಳಿ, ಇದು ನಿಮ್ಮ ಊರಿನ ಕಡೆಯಿಂದಲೇ ಬಂದದ್ದು, ಝಿಯಾದ್ ಬಿನ್ ಮಿಖ್ರಾಕ್ ನನಗೆ ಹೇಳಿದರು ಎಂದರು. ಝಿಯಾದ್ ಇದ್ದದ್ದು ಬಸ್ರಾದಲ್ಲಿ! ಕೂಫಾದಲ್ಲಿ ಕೇಳಿದ ಮಾತು ಮಕ್ಕಾಕ್ಕೆ ಹೋಗಿ, ಮದೀನಾಕ್ಕೆ ತಿರುಗಿ, ಕೊನೆಗೆ ಶುಅಬಾರ ಸ್ವಂತ ಊರಿಗೇ ಬಂದು ನಿಂತಿತು. ಬಸ್ರಾದ ಝಿಯಾದ್, ಇದು ನಿಮಗೆ ಒಗ್ಗುವಂಥದಲ್ಲ ಎಂದು ಹಿಂಜರಿದರು. ಒತ್ತಾಯಿಸಿದಾಗ ತಮಗೆ ಶಹ್ರ್ ಬಿನ್ ಹೌಶಬ್ ಹೇಳಿದ್ದಾಗಿ ತಿಳಿಸಿದರು. ಶಹ್ರ್ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಇಮಾಮ್ ಅಹ್ಮದ್(ರಹ)ರಂಥವರು ಅವರನ್ನು ಒಪ್ಪಿದ್ದಾರೆ. ಶುಅಬಾ ಮಾತ್ರ ಒಪ್ಪುವವರಲ್ಲ. ಈ ಹದೀಸ್ ತನ್ನ ಪಾಲಿಗೆ ನೆಟ್ಟಗೆ ನಿಂತಿದ್ದರೆ ಮನೆಮಂದಿಗಿಂತಲೂ ಸಂಪತ್ತಿಗಿಂತಲೂ ಪ್ರಿಯವಾಗುತ್ತಿತ್ತು ಎಂದು ನೊಂದುಕೊಂಡು ಅದನ್ನು ಕೈಬಿಟ್ಟರು.

ಇಲ್ಲಿ ಗಮನಿಸಬೇಕಾದದ್ದು, ಶುಅಬಾ ಕೈಬಿಟ್ಟದ್ದು ಆ ಸನದನ್ನು, ವುಝೂವಿನ ಶ್ರೇಷ್ಠತೆಯನ್ನಲ್ಲ. ಅದೇ ಅರ್ಥದ ಹದೀಸ್ ಉಕ್ಬಾ(ರ)ರಿಂದಲೇ ಬೇರೆ ಸನದಿನ ಮೂಲಕ ಸಹೀಹ್ ಮುಸ್ಲಿಮ್‌ನಲ್ಲಿದೆ. ಅರ್ಥ ಸರಿಯಿದ್ದರೂ, ಹೇಳಿದವರು ಯಾರು ಎಂಬ ಪ್ರಶ್ನೆಗೆ ಬೇರೆಯದೇ ಉತ್ತರ ಬೇಕು ಎಂದು ಅವರು ತಿಳಿದಿದ್ದರು. ನಾಲ್ಕು ಬಾಯಿ ದಾಟುವಷ್ಟರಲ್ಲಿ ನಡುವಿನ ಮೂರು ಹೆಸರುಗಳು ಕಾಣೆಯಾಗಿದ್ದವು. ಅದೂ ಸುಳ್ಳುಗಾರರ ಕೈಯಲ್ಲಲ್ಲ, ಸಜ್ಜನರ ಕೈಯಲ್ಲಿ. ನಮ್ಮ ಮೊಬೈಲಿಗೆ ಬರುವ ಹಸಿರು ಗುಮ್ಮಟದ ಚಿತ್ರಗಳಲ್ಲಿ ಒಂದು ಹೆಸರೂ ಇರುವುದಿಲ್ಲ. ಕೆಳಗೆ ‘ಹದೀಸ್’ ಎಂಬ ಒಂದು ಪದವಷ್ಟೇ.

ಹುಡುಗಿಯ ಕರಡಿನ ನಾಲ್ಕನೆಯ ಮಾತು, ವಿದ್ಯೆಯನ್ನು ಅರಸುವುದು ಪ್ರತಿ ಮುಸ್ಲಿಮನ ಮೇಲೂ ಕಡ್ಡಾಯ ಎಂಬುದು. ಇದು ಇಬ್ನು ಮಾಜಾದಲ್ಲಿ ಅನಸ್(ರ)ರಿಂದ ಬಂದಿದೆ. ಅಲ್ಲಿನ ಸನದಿನಲ್ಲಿ ಹಫ್ಸ್ ಬಿನ್ ಸುಲೈಮಾನ್ ಎಂಬವರಿದ್ದಾರೆ. ಈ ಹೆಸರನ್ನು ನಮ್ಮಲ್ಲಿ ಹಲವರು ಮುಸ್‌ಹಫ್‌ನಲ್ಲಿ ಓದಿರಬಹುದು. ನಾವು ಪ್ರತಿದಿನ ಕುರ್‌ಆನ್ ಪಾರಾಯಣ ಮಾಡುವ ಕ್ರಮ ಆಸಿಮ್‌ರಿಂದ ಈ ಹಫ್ಸ್ ಕಲಿತು ನಮಗೆ ತಲುಪಿಸಿದ್ದೇ. ಪಾರಾಯಣದಲ್ಲಿ ಇಮಾಮರೆಂದು ತಲೆಬಾಗಿದ ವಿದ್ವಾಂಸರೇ ಹದೀಸ್ ವರದಿಯಲ್ಲಿ ಇವರನ್ನು ದುರ್ಬಲರೆಂದು ಬರೆದಿಟ್ಟರು. ಗೌರವ ಒಂದು ಕಡೆಯಿದ್ದರೆ ತೂಕ ಇನ್ನೊಂದು ಕಡೆಯಿರಬಹುದು ಎಂಬ ಈ ಧೈರ್ಯ ನಮ್ಮಲ್ಲಿ ಇಂದು ಅಪರೂಪ. ಆದರೂ ಈ ಹದೀಸ್ ಉಳಿದಿದೆ. ಬೇರೆಬೇರೆ ದಾರಿಗಳಿಂದ ಬಂದಿರುವುದರಿಂದ ಅದು ‘ಹಸನ್’ ದರ್ಜೆಗೆ ಏರುತ್ತದೆಂದು ಅಲ್ ಮಿಝ್ಝೀ(ರಹ) ಅಭಿಪ್ರಾಯಪಟ್ಟರು.

ಕರಡಿನಲ್ಲಿ ಅದಕ್ಕೆ ‘ಮತ್ತು ಪ್ರತಿ ಮುಸ್ಲಿಮ್ ಸ್ತ್ರೀಯ ಮೇಲೂ’ ಎಂಬ ಬಾಲವಿತ್ತು. ಹೆಣ್ಣುಮಕ್ಕಳ ಓದಿಗಾಗಿ ನಮ್ಮವರು ಅಕ್ಕರೆಯಿಂದ ಉಲ್ಲೇಖಿಸುವ ಪದಗಳಿವು. ಆದರೆ ಹಿ.ಶ. 902ರಲ್ಲಿ ನಿಧನರಾದ ಸಖಾವೀ(ರಹ) ಈ ಹದೀಸಿನ ದಾರಿಗಳನ್ನೆಲ್ಲ ಪರಿಶೀಲಿಸಿ, ಯಾವುದರಲ್ಲೂ ಈ ಪದವಿಲ್ಲ, ನಂತರದವರು ಸೇರಿಸಿದ್ದು ಎಂದರು. ಅರ್ಥ ಮಾತ್ರ ಸರಿಯಾದದ್ದೇ ಎಂದೂ ಹೇಳಿದರು. ‘ಮುಸ್ಲಿಮ್’ ಎಂಬಲ್ಲಿ ಹೆಣ್ಣೂ ಗಂಡೂ ಇಬ್ಬರೂ ಇದ್ದಾರೆ. ಹೆಣ್ಣುಮಗಳ ಹಕ್ಕಿಗೆ ಸೇರಿಸಿದ ಪದದ ಆಸರೆ ಬೇಕಿಲ್ಲ. ಆಯಿಶಾ(ರ) ತಮಗೆ ಅರ್ಥವಾಗದ ಯಾವ ಮಾತನ್ನು ಕೇಳಿದರೂ ತಿಳಿಯುವವರೆಗೆ ಪ್ರವಾದಿ(ಸ)ಯವರಲ್ಲಿ ಮತ್ತೆ ಕೇಳದೆ ಬಿಡುತ್ತಿರಲಿಲ್ಲವೆಂದು ಸಹೀಹ್ ಬುಖಾರಿಯ ‘ವಿದ್ಯೆ’ಯ ಅಧ್ಯಾಯದಲ್ಲಿಯೇ ಇದೆ. ತರಗತಿಯಲ್ಲಿ ಕೈ ಎತ್ತಲು ನಾಚುವ ಹುಡುಗಿಗೆ ಇದಕ್ಕಿಂತ ಹತ್ತಿರದ ಮಾತು ಯಾವುದಿದೆ?

ಹಾಗಾದರೆ ಚೀನಾದ ಜಾಗಕ್ಕೆ ಏನು? ಆ ಮಾತನ್ನು ಜನ ಬಳಸುವುದು, ಅನ್ಯರ ಭಾಷೆ, ಅನ್ಯರ ಶಾಸ್ತ್ರಗಳನ್ನೂ ಕಲಿಯಬೇಕು ಎಂದು ಹೇಳುವುದಕ್ಕೆ. ಅದಕ್ಕೆ ಝೈದ್ ಬಿನ್ ಸಾಬಿತ್(ರ)ರ ಜೀವನವೇ ಇದೆ. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಝೈದ್‌ಗೆ ಹನ್ನೊಂದು ವರ್ಷ. ಅಂದರೆ ನಮ್ಮ ಆರನೇ ತರಗತಿಯ ಮಗುವಿನ ವಯಸ್ಸು. ಮುಂದೆ ಯಹೂದಿಯರೊಂದಿಗೆ ಪತ್ರವ್ಯವಹಾರಕ್ಕೆ ಅವರ ಬರಹವನ್ನು ಕಲಿಯುವಂತೆ ಪ್ರವಾದಿ(ಸ) ಝೈದ್‌ಗೆ ಹೇಳಿದರು. ತಮ್ಮ ಪತ್ರಗಳ ವಿಷಯದಲ್ಲಿ ಬೇರೆಯವರ ಓದನ್ನು ನಂಬಿ ಕೂರುವಂತಿರಲಿಲ್ಲ ಎಂಬುದು ಕಾರಣ. ಅರ್ಧ ತಿಂಗಳು ಕಳೆಯುವುದರೊಳಗೆ ಝೈದ್ ಅದನ್ನು ಕಲಿತು, ಹೋಗುವ ಪತ್ರ ಬರೆಯತೊಡಗಿದರು, ಬಂದ ಪತ್ರ ಓದತೊಡಗಿದರು. ತಿರ್ಮಿಝಿಯಲ್ಲಿ ಈ ವರದಿಯಿದೆ, ತಿರ್ಮಿಝಿ(ರಹ) ಇದನ್ನು ಹಸನ್ ಸಹೀಹ್ ಎಂದಿದ್ದಾರೆ. ಮನೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬೀ ಓದುವ ಗೌರಿಬಿದನೂರು ಸೀಮೆಯ ಮಗು ಝೈದ್‌ರನ್ನು ಗುರುತಿಸಲು ಚೀನಾದವರೆಗೆ ಹೋಗಬೇಕಾಗಿಲ್ಲ.

ಅದೇ ಝೈದ್ ತರುಣರಾದಾಗ ಅಬೂಬಕರ್(ರ) ಅವರಿಗೆ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆ ಒಪ್ಪಿಸಿದರು. ಒಂದು ಬೆಟ್ಟವನ್ನು ಸರಿಸಲು ಹೇಳಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲವೆಂದು ಅವರಿಗೆ ಅನಿಸಿತಂತೆ. ಕುರ್‌ಆನ್ ಅವರಿಗೆ ಕಂಠಪಾಠವಿತ್ತು. ಆದರೂ ನೆನಪನ್ನಷ್ಟೇ ನೆಚ್ಚದೆ ಖರ್ಜೂರದ ಗರಿಯ ದಿಂಡು, ತೆಳು ಕಲ್ಲುಗಳ ಮೇಲಿನ ಬರಹ ಮತ್ತು ಜನರ ಎದೆಗಳಿಂದ ಹುಡುಕಿ ಕೂಡಿಸಿದರು.

ಭಾಷಣ ಬರೆಯುವವರಿಗೆ ಕೆಲಸಕ್ಕೆ ಬರುವ ಒಂದು ನಿಯಮವನ್ನು ಹಿ.ಶ. 643ರಲ್ಲಿ ತೀರಿಕೊಂಡ ಇಬ್ನುಸ್ಸಲಾಹ್(ರಹ) ಕೊಟ್ಟಿದ್ದಾರೆ. ಸನದಿಲ್ಲದೆ ದುರ್ಬಲ ವರದಿಯೊಂದನ್ನು ಹೇಳಬೇಕಾಗಿ ಬಂದರೆ ‘ಪ್ರವಾದಿ(ಸ) ಹೇಳಿದರು’ ಎಂಬ ಖಚಿತ ರೂಪ ಬಳಸಬಾರದು, ‘ಹೀಗೆ ವರದಿಯಾಗಿದೆ’ ಎಂಬ ರೂಪ ಬಳಸಬೇಕು. ಮಾತಿನ ಬಲ ಅದರ ಆಧಾರದ ಬಲವನ್ನು ಮೀರಬಾರದು ಎಂಬುದನ್ನು ಅವರು ಕ್ರಿಯಾಪದದಲ್ಲಿಯೇ ಇರಿಸಿದರು. ಕನ್ನಡಕ್ಕೆ ಈ ವ್ಯತ್ಯಾಸ ಸಲೀಸು. ಗ್ರಂಥದ ಹೆಸರೂ ಹದೀಸಿನ ಸಂಖ್ಯೆಯೂ ಕೈಯಲ್ಲಿದ್ದು, ಅದರ ದರ್ಜೆಯನ್ನು ಬಲ್ಲವರಲ್ಲಿ ಕೇಳಿ ತಿಳಿದಿದ್ದರೆ ‘ಹೇಳಿದರು’. ದುರ್ಬಲವೆಂದು ತಿಳಿದಿದ್ದರೆ ‘ಹೇಳಿದರೆಂದು ವರದಿಯಿದೆ’. ಬುಡವೇ ಇಲ್ಲವೆಂದು ತಿಳಿದದ್ದಕ್ಕೆ ಎರಡೂ ಸಲ್ಲದು. ಅರ್ಥ ಇಷ್ಟವಾದರೆ ‘ಒಂದು ಗಾದೆಯಂತೆ’ ಎಂದು ಆರಂಭಿಸಬಹುದು.

ಹುಡುಗಿ ಚೀನಾವನ್ನೂ ಶಾಯಿಯನ್ನೂ ತೆಗೆದಳು. ತೊಟ್ಟಿಲಿನ ಮಾತನ್ನು ಗಾದೆಯೆಂದು ಉಳಿಸಿಕೊಂಡಳು. ಝೈದ್‌ರ ಪ್ರಸಂಗ ಸೇರಿದ್ದರಿಂದ ಭಾಷಣ ಅರ್ಧ ನಿಮಿಷ ಉದ್ದವಾಯಿತು.